ಮೊದಲ ವಿಡಿಯೊ ಹಾಕುವ ಮುನ್ನ: ಹವ್ಯಾಸಿ ಯಕ್ಷಗಾನ ಬಳಗಗಳಿಗೊಂದು ಬಹಿರಂಗ ಪತ್ರ

ಆತ್ಮೀಯ ಹವ್ಯಾಸಿ ಬಂಧುಗಳೇ,

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿವೆ. ಇನ್ನು ದೀಪಾವಳಿಯ ಆಸುಪಾಸಿನವರೆಗೆ ತಾಳಮದ್ದಳೆ ಕೂಟಗಳು, ಸಭಾಭವನದೊಳಗಿನ ಮಳೆಗಾಲದ ಆಟಗಳು. ಈ ಬಿಡುವಿನಲ್ಲೇ ಕರಾವಳಿ, ಮಲೆನಾಡುಗಳ ಹವ್ಯಾಸಿ ತಂಡಗಳಲ್ಲಿ ಯೂಟ್ಯೂಬ್ ಚಾನೆಲ್ ತೆರೆಯುವ ಮಾತು ಏಳುತ್ತದೆ. ಕ್ಯಾಮೆರಾ ಬಲ್ಲ ಹುಡುಗನೊಬ್ಬ ಸಿಕ್ಕಿರುತ್ತಾನೆ, ವಾರ್ಷಿಕೋತ್ಸವದ ಆಟದ ರೆಕಾರ್ಡಿಂಗ್ ಹಾರ್ಡ್ ಡಿಸ್ಕಿನಲ್ಲಿ ಕಾದಿರುತ್ತದೆ, ಇವತ್ತು ರಾತ್ರಿಯೇ ಹಾಕಿಬಿಡೋಣ ಎಂಬ ಉಮೇದೂ ಇರುತ್ತದೆ. ಆ ಉಮೇದನ್ನು ಒಂದೆರಡು ಸಂಜೆ ತಡೆದುಕೊಳ್ಳಿ ಎಂದು ಕೇಳಿಕೊಳ್ಳಲು ಈ ಪತ್ರ. ಇಂಥ ತಂಡಗಳ ಚಾನೆಲ್ಲಿನ ಹಿಂದಿನ ಕೆಲಸ ನೋಡಿಕೊಳ್ಳುವವನು ನಾನು. ಯಾವುದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಹೇಳಬೇಕಾದ್ದು ಇಷ್ಟು. ಚಾನೆಲ್ಲಿನ ಸಿದ್ಧತೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಬ್ಯಾನರ್, ಚಾನೆಲ್ ವಿವರಣೆ, ಕೀವರ್ಡ್ ಇವೆಲ್ಲ ಯಾವತ್ತು ಬೇಕಾದರೂ ಬದಲಿಸಬಹುದಾದವು. ಬದಲಿಸಿದ ಕೂಡಲೇ ಇಡೀ ಚಾನೆಲ್ಲಿಗೆ ಅನ್ವಯವಾಗುತ್ತವೆ. ಆದರೆ ಖಾತೆ ಯಾರ ಹೆಸರಲ್ಲಿದೆ, ಹ್ಯಾಂಡಲ್ ಯಾವುದು, ಪ್ರತಿ ವಿಡಿಯೊದ ಜೊತೆ ತಾನಾಗಿ ಹೋಗುವ ಮಾಹಿತಿ ಯಾವುದು ಎಂಬಂಥವು ಹಾಗಲ್ಲ. ಇವುಗಳಲ್ಲಿ ಕೊನೆಯದನ್ನು ಐವತ್ತು ವಿಡಿಯೊ ಆದ ಮೇಲೆ ಸರಿಪಡಿಸಹೊರಟರೆ ಐವತ್ತನ್ನೂ ಒಂದೊಂದಾಗಿ ತೆರೆಯಬೇಕಾದೀತು. ನಮ್ಮ ತಂಡಗಳು ಬಹುಪಾಲು ಇದನ್ನು ತಿರುವುಮುರುವು ಮಾಡುತ್ತವೆ. ಬ್ಯಾನರಿನ ಬಣ್ಣಕ್ಕೆ ವಾರಗಟ್ಟಲೆ ಚರ್ಚೆ, ಖಾತೆಯ ವಿಷಯಕ್ಕೆ ಎರಡು ನಿಮಿಷ.

ಹಾಗಾಗಿ ಖಾತೆಯಿಂದಲೇ ಶುರು ಮಾಡೋಣ. ಸಾಮಾನ್ಯವಾಗಿ ಆಗುವುದೇನೆಂದರೆ, ತಂಡದಲ್ಲಿ ಮೊಬೈಲು ಚೆನ್ನಾಗಿ ಬಲ್ಲ ಒಬ್ಬರು ತಮ್ಮ ಸ್ವಂತ ಜಿಮೇಲ್‌ನಲ್ಲೇ ಚಾನೆಲ್ ತೆರೆಯುತ್ತಾರೆ. ಅವರ ಮನೆಯ ಫೋಟೊ, ಬ್ಯಾಂಕಿನ ಪತ್ರ, ತಂಡದ ಚಾನೆಲ್ ಎಲ್ಲವೂ ಒಂದೇ ಪಾಸ್‌ವರ್ಡಿನ ಹಿಂದೆ. ನಾನು ಬಲ್ಲ ಒಂದು ತಂಡದಲ್ಲಿ ಹೀಗೆ ತೆರೆದವರು ಕೆಲಸಕ್ಕೆಂದು ಕೊಲ್ಲಿಗೆ ಹೋದರು, ಇಲ್ಲಿನ ಸಿಮ್ ಬಂದ್ ಆಯಿತು. ಹೊಸ ಲ್ಯಾಪ್‌ಟಾಪಿನಿಂದ ಲಾಗಿನ್ ಆಗಲು ಹೋದಾಗಲೆಲ್ಲ ಆ ಸತ್ತ ನಂಬರಿಗೇ ಒಟಿಪಿ ಹೋಗುತ್ತಿತ್ತು. ಜಗಳವಿಲ್ಲ, ದ್ವೇಷವಿಲ್ಲ, ಆದರೂ ಚಾನೆಲ್ ಯಾರ ಕೈಗೂ ಸಿಗದೆ ನಿಂತಿತು. ಕೊನೆಗೆ ಹೊಸದೊಂದನ್ನು ತೆರೆದು ಎಲ್ಲವನ್ನೂ ಮತ್ತೆ ಹಾಕಿದರು. ನೋಡಿದವರ ಎಣಿಕೆ, ಕಮೆಂಟು, ಹಂಚಿಕೊಂಡ ಕೊಂಡಿಗಳು ಯಾವುವೂ ಹೊಸ ಚಾನೆಲ್ಲಿಗೆ ಬರಲಿಲ್ಲ.

ಇದನ್ನು ತಪ್ಪಿಸುವುದು ಸುಲಭ. ತಂಡದ ಹೆಸರಿನಲ್ಲೇ ಒಂದು ಹೊಸ ಗೂಗಲ್ ಖಾತೆ ಮಾಡಿ. ರಿಕವರಿ ಫೋನ್ ಅಧ್ಯಕ್ಷರದ್ದು, ರಿಕವರಿ ಇಮೇಲ್ ಕಾರ್ಯದರ್ಶಿಯದ್ದು ಇರಲಿ. ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ. ಆಗ ಗೂಗಲ್ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ನಿರ್ಣಯ ಪುಸ್ತಕದ ಜೊತೆ ಇಡಿ. ಈ ಪಾಸ್‌ವರ್ಡನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚುವ ಅಗತ್ಯವೇ ಇಲ್ಲ. ಯೂಟ್ಯೂಬ್ ಸ್ಟುಡಿಯೊದ Settings ಒಳಗೆ Permissions ಎಂಬ ಭಾಗವಿದೆ. ಅಲ್ಲಿಂದ ಒಬ್ಬೊಬ್ಬರನ್ನು ಅವರವರ ಸ್ವಂತ ಜಿಮೇಲ್ ಮೂಲಕ ಆಹ್ವಾನಿಸಬಹುದು. ಕಾರ್ಯದರ್ಶಿಗೆ Manager, ವಿಡಿಯೊ ಹಾಕುವ ಹುಡುಗನಿಗೆ Editor, ಅಂಕಿಅಂಶ ನೋಡಬೇಕೆನ್ನುವವರಿಗೆ Viewer. ಯಾರಾದರೂ ತಂಡ ಬಿಟ್ಟರೆ ಅವರ ಹೆಸರೊಂದನ್ನು ತೆಗೆದರಾಯಿತು, ಪಾಸ್‌ವರ್ಡ್ ಬದಲಿಸುವ ಮುಜುಗರವಿಲ್ಲ.

ಇನ್ನು ಹೆಸರು. ನಮ್ಮ ತಂಡಗಳ ಪೂರ್ತಿ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಎರಡು ಸಾಲು ಹಿಡಿಯುತ್ತದೆ. ದೇವರ ಹೆಸರು, ಕೃಪಾಪೋಷಿತ, ಹವ್ಯಾಸಿ, ಕಲಾ ಮಂಡಳಿ, ಕೊನೆಗೆ ರಿ. ಫೋನಿನ ಪರದೆಯಲ್ಲಿ ವಿಡಿಯೊದ ಕೆಳಗೆ ಚಾನೆಲ್ ಹೆಸರಿಗೆ ಇರುವುದು ಕೆಲವೇ ಅಕ್ಷರಗಳ ಜಾಗ. ದೇವರ ಹೆಸರು ಮುಗಿಯುವಷ್ಟರಲ್ಲೇ ಮೂರು ಚುಕ್ಕಿ ಬರುತ್ತದೆ, ಊರಿನ ಹೆಸರು ಕಾಣುವುದೇ ಇಲ್ಲ. ಕೆಳಬೈಲು ಎಂಬ ಊರಿದೆ, ಅಲ್ಲಿ ನಿಮ್ಮದೊಂದು ಬಡಗುತಿಟ್ಟಿನ ತಂಡವಿದೆ ಎಂದಿಟ್ಟುಕೊಳ್ಳಿ. ಚಾನೆಲ್ ಹೆಸರು ‘ಯಕ್ಷ ಬಳಗ ಕೆಳಬೈಲು’ ಎಂದಷ್ಟೇ ಇರಲಿ. ನೋಂದಣಿಯ ಪೂರ್ಣ ಹೆಸರನ್ನು ವಿವರಣೆಯಲ್ಲಿ ಬರೆಯಿರಿ.

ಹೆಸರು ಬೇರೆ, ಹ್ಯಾಂಡಲ್ ಬೇರೆ. ಹ್ಯಾಂಡಲ್ ಎಂದರೆ @ ಚಿಹ್ನೆಯಿಂದ ಶುರುವಾಗುವ ವಿಳಾಸ. 2022ರಲ್ಲಿ ಯೂಟ್ಯೂಬ್ ಇದನ್ನು ತಂದಿತು. ಮೂರರಿಂದ ಮೂವತ್ತು ಅಕ್ಷರ ಇರಬಹುದು, ಒಂದು ಹ್ಯಾಂಡಲ್ ಜಗತ್ತಿನಲ್ಲಿ ಒಬ್ಬರಿಗೇ. ನೀವಾಗಿ ಆರಿಸದಿದ್ದರೆ ಯೂಟ್ಯೂಬ್ ತಾನೇ ಒಂದನ್ನು ಕೊಡುತ್ತದೆ. ಹೆಸರಿನ ಹಿಂದೆ ನಾಲ್ಕಾರು ಅಂಕಿಗಳು ಅಂಟಿಕೊಂಡ, ಮೈಕಿನಲ್ಲಿ ಹೇಳಲಾಗದ ವಿಳಾಸ ಅದು. ಅದರ ಬದಲು @yakshabalagakelabailu ಎಂಬಂಥದ್ದನ್ನು ಹಿಡಿಯಿರಿ. ಇದು ಇಪ್ಪತ್ತೊಂದು ಅಕ್ಷರ, ಮಿತಿಯೊಳಗೇ ಇದೆ. ಹಿಡಿಯುವ ಮೊದಲು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲೂ ಅದೇ ಸಿಗುತ್ತದೆಯೇ ನೋಡಿ. ಹ್ಯಾಂಡಲನ್ನು ಹದಿನಾಲ್ಕು ದಿನಗಳಲ್ಲಿ ಎರಡು ಸಲ ಬದಲಿಸಬಹುದು. ಬದಲಿಸಿದರೆ ಹಳೆಯದು ಹದಿನಾಲ್ಕು ದಿನ ಮಾತ್ರ ನಿಮಗಾಗಿ ಇರುತ್ತದೆ, ಆಮೇಲೆ ಬೇರೆಯವರು ತೆಗೆದುಕೊಳ್ಳಬಹುದು. ಆ ಹೊತ್ತಿಗೆ ನಿಮ್ಮ ಆಮಂತ್ರಣ ಪತ್ರಿಕೆ, ಫ್ಲೆಕ್ಸುಗಳಲ್ಲೆಲ್ಲ ಹಳೆಯ ವಿಳಾಸ ಅಚ್ಚಾಗಿರುತ್ತದೆ.

ಇಲ್ಲೊಂದು ಉಪಾಯವಿದೆ. ಪ್ರತಿ ಚಾನೆಲ್ಲಿಗೂ UC ಎಂದು ಶುರುವಾಗುವ ಒಂದು ಉದ್ದದ ಐಡಿ ಇದೆ. ಹೆಸರು, ಹ್ಯಾಂಡಲ್ ಏನೇ ಬದಲಾದರೂ ಅದು ಬದಲಾಗುವುದಿಲ್ಲ. youtube.com/account_advanced ಎಂದು ಟೈಪು ಮಾಡಿದರೆ ಕಾಣುತ್ತದೆ. ಫ್ಲೆಕ್ಸಿನಲ್ಲಿ ಕ್ಯೂಆರ್ ಕೋಡ್ ಹಾಕಿಸುವುದಾದರೆ youtube.com/channel/ ಎಂದು ಬರೆದು ಮುಂದೆ ಆ ಐಡಿ ಸೇರಿಸಿದ ವಿಳಾಸಕ್ಕೇ ಮಾಡಿಸಿ. ಬಾಯಲ್ಲಿ ಹೇಳಲು ಹ್ಯಾಂಡಲ್, ಅಚ್ಚಿಗೆ ಐಡಿ.

ಮುಂದಿನದು ಫೋನ್ ನಂಬರಿನ ದೃಢೀಕರಣ. ಬೇರೆ ಚಾನೆಲ್‌ಗಳಿಗಿಂತ ಯಕ್ಷಗಾನದವರಿಗೆ ಇದು ಹೆಚ್ಚು ಬೇಕು. ಹೊಸ ಚಾನೆಲ್ಲಿನಲ್ಲಿ ಹದಿನೈದು ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲಾಗುವುದಿಲ್ಲ, ನಮ್ಮಲ್ಲಿ ಒಂದು ಪೀಠಿಕೆಯೇ ಅಷ್ಟು ಹೊತ್ತು ಹಿಡಿಯುತ್ತದೆ. youtube.com/verify ಎಂಬಲ್ಲಿಗೆ ಹೋಗಿ ನಂಬರು ಕೊಟ್ಟು, ಬಂದ ಕೋಡನ್ನು ತುಂಬಿದರೆ ಈ ಮಿತಿ ಹನ್ನೆರಡು ಗಂಟೆಗೆ ಏರುತ್ತದೆ. ಇಡೀ ರಾತ್ರಿಯ ಬಯಲಾಟವೂ ಅದರೊಳಗೆ ಹಿಡಿಯುತ್ತದೆ. ನಿಮ್ಮದೇ ಥಂಬ್‌ನೇಲ್ ಹಾಕುವ ಅನುಕೂಲ, ನೇರಪ್ರಸಾರದ ಅರ್ಹತೆ ಕೂಡ ಇದರಿಂದಲೇ ತೆರೆಯುತ್ತವೆ. ನೇರಪ್ರಸಾರವನ್ನು ಮೊದಲ ಸಲ ಸಕ್ರಿಯಗೊಳಿಸಿದಾಗ 24 ಗಂಟೆಯವರೆಗೂ ಕಾಯಬೇಕಾದೀತು. ಆಟದ ದಿನ ಸಂಜೆ ಚೌಕಿಯಲ್ಲಿ ಬಣ್ಣ ಶುರುವಾದ ಮೇಲೆ ಅದನ್ನು ಒತ್ತಿದರೆ ಆ ರಾತ್ರಿಯ ಪ್ರಸಾರವಿಲ್ಲ. ಇನ್ನೊಂದು ಸಂಗತಿ: ಒಂದು ನಂಬರಿನಿಂದ ವರ್ಷಕ್ಕೆ ಎರಡು ಚಾನೆಲ್‌ಗಳನ್ನಷ್ಟೇ ದೃಢೀಕರಿಸಬಹುದು. ಊರಿನ ಸ್ಟುಡಿಯೊದವರ ನಂಬರು ಕೊಡುವ ರೂಢಿ ಇದ್ದರೆ ಅವರ ಪಾಲಿನ ಎರಡು ಈಗಾಗಲೇ ಮುಗಿದಿರಬಹುದು. ನಿಮ್ಮ ತಂಡದವರದೇ ನಂಬರು ಕೊಡಿ.

ಈಗ ಎಲ್ಲರಿಗೂ ಇಷ್ಟವಾದ ಭಾಗ, ಚಿತ್ರಗಳು. ಸ್ಟುಡಿಯೊದ Customization ಪುಟದಲ್ಲಿ ಪ್ರೊಫೈಲ್ ಚಿತ್ರ, ಬ್ಯಾನರ್, ವಾಟರ್‌ಮಾರ್ಕ್ ಎಂದು ಮೂರು ಸಿಗುತ್ತವೆ. ಪ್ರೊಫೈಲ್ ಚಿತ್ರ ನೀವು ಚೌಕವಾಗಿಯೇ ಕೊಟ್ಟರೂ ಕಾಣುವುದು ವೃತ್ತದಲ್ಲಿ. ಕಮೆಂಟಿನ ಪಕ್ಕದಲ್ಲಂತೂ ಬೆರಳಿನ ಉಗುರಿಗಿಂತ ಚಿಕ್ಕದು. ತಂಡದ ಲಾಂಛನದಲ್ಲಿ ಅಂಚಿನುದ್ದಕ್ಕೂ ಹೆಸರು, ಕೆಳಗೆ ಸ್ಥಾಪನೆಯ ವರ್ಷ ಬರೆದಿದ್ದರೆ ಅದು ಅಲ್ಲಿ ಬರೀ ಗೆರೆಯಾಗಿ ಕಾಣುತ್ತದೆ. ಒಂದೇ ಒಂದು ಮುಖವರ್ಣಿಕೆ, ಕೇದಗೆ ಮುಂದಲೆಯ ಅರ್ಧದಷ್ಟು ಸೇರಿಸಿ, ಹತ್ತಿರದಿಂದ ತೆಗೆದದ್ದು ಇದಕ್ಕಿಂತ ಚೆನ್ನ. 800ಕ್ಕೆ 800 ಪಿಕ್ಸೆಲಿನಲ್ಲಿ ಸಿದ್ಧ ಮಾಡಿಕೊಳ್ಳಿ. ಆ ಕಲಾವಿದರ ಒಪ್ಪಿಗೆ ಕೇಳುವುದನ್ನು ಮರೆಯಬೇಡಿ.

ಬ್ಯಾನರಿನಲ್ಲಿ ಹೆಚ್ಚಿನವರು ಎಡವುವುದು ಎತ್ತರದ ಲೆಕ್ಕದಲ್ಲಿ. ಯೂಟ್ಯೂಬ್ ಕೇಳುವ ಕನಿಷ್ಠ ಅಳತೆ 2048ಕ್ಕೆ 1152 ಪಿಕ್ಸೆಲ್, ಫೈಲು ಆರು ಎಂಬಿ ಮೀರಬಾರದು. ಇಷ್ಟು ದೊಡ್ಡ ಚಿತ್ರ ಪೂರ್ತಿಯಾಗಿ ಕಾಣುವುದು ಟಿವಿಯಲ್ಲಿ ಮಾತ್ರ. ಎಲ್ಲ ಸಾಧನಗಳಲ್ಲೂ ಖಚಿತವಾಗಿ ಕಾಣುವುದು ನಟ್ಟನಡುವಿನ 1235ಕ್ಕೆ 338ರ ಪಟ್ಟಿ, ಅಂದರೆ ಎತ್ತರದಲ್ಲಿ ಮೂರನೇ ಒಂದು ಪಾಲಿಗೂ ಕಡಿಮೆ. ಪೂರ್ಣ ವೇಷದಲ್ಲಿ ನಿಂತ ಕಲಾವಿದರ ಸಾಲನ್ನು ಬ್ಯಾನರ್ ಮಾಡಿದರೆ ಟಿವಿಯಲ್ಲಿ ಭರ್ಜರಿಯಾಗಿರುತ್ತದೆ, ಫೋನಿನಲ್ಲಿ ಕಿರೀಟವೂ ಇಲ್ಲ, ಕಾಲೂ ಇಲ್ಲ, ಬರೀ ಎದೆಪದಕಗಳ ಸಾಲು. ನಡುಪಟ್ಟಿಯಲ್ಲಿ ತಂಡದ ಹೆಸರನ್ನಷ್ಟೇ ಬರೆದು, ವೇಷಗಳನ್ನು ಅದರ ಹಿಂದೆ ಹರಡಿ. ಎಲ್ಲಿ ಕತ್ತರಿಸಿದರೂ ಹೆಸರು ಉಳಿಯುತ್ತದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವಲ್ಲ, ‘ಕೃಪಾಪೋಷಿತ’ದ ಸುಳಿ, ‘ತಿಟ್ಟು’ವಿನ ಒತ್ತು ಪಟ್ಟಿಯ ಕೆಳ ಅಂಚಿಗೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಿ. ವಾಟರ್‌ಮಾರ್ಕಿಗೆ 150ಕ್ಕೆ 150ರ ಚೌಕ ಸಾಕು, ಪ್ರೊಫೈಲ್ ಚಿತ್ರವನ್ನೇ ಚಿಕ್ಕದು ಮಾಡಿ ಹಾಕಿ. ಇಷ್ಟಾದ ಮೇಲೆ ಆ ಪುಟದ ಮೂಲೆಯಲ್ಲಿರುವ Publish ಒತ್ತಬೇಕು. ಒತ್ತದೆ ಹೊರಬಂದರೆ ಮಾಡಿದ್ದೆಲ್ಲ ಹೋಯಿತು.

ಚಾನೆಲ್ ವಿವರಣೆಗೆ ಒಂದು ಸಾವಿರ ಅಕ್ಷರಗಳ ಮಿತಿ ಇದೆ. ನೋಡುಗರು ಒತ್ತಿ ತೆರೆಯದಿದ್ದರೆ ಮೊದಲ ಸಾಲಷ್ಟೇ ಕಾಣುತ್ತದೆ. ಆದ್ದರಿಂದ ತಂಡದ ಇತಿಹಾಸದಿಂದ ಶುರು ಮಾಡಬೇಡಿ. ‘ಕೆಳಬೈಲಿನ ಹವ್ಯಾಸಿ ಬಡಗುತಿಟ್ಟು ತಂಡದ ಪೂರ್ಣ ಪ್ರಸಂಗಗಳು, ತಾಳಮದ್ದಳೆಗಳು’ ಎಂದು ಇಲ್ಲಿ ಏನು ಸಿಗುತ್ತದೆ ಎಂಬುದನ್ನು ಮೊದಲು ಹೇಳಿ. ಆಮೇಲೆ ಪೂರ್ಣ ಹೆಸರು, ಗುರುಗಳು, ಆಟ ಆಡಿಸಬೇಕಾದವರು ಸಂಪರ್ಕಿಸುವ ಬಗೆ. ಅದೇ ಪುಟದಲ್ಲಿ ಇನ್ನೊಂದು ಭಾಷೆ ಸೇರಿಸುವ ಅವಕಾಶವಿದೆ. ಹೆಸರು, ವಿವರಣೆಗಳನ್ನು ಇಂಗ್ಲಿಷಿನಲ್ಲೂ ತುಂಬಿದರೆ, ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡ ಮುಂಬೈಯ, ದುಬೈಯ ನಮ್ಮವರ ಮಕ್ಕಳಿಗೆ ಅದು ಇಂಗ್ಲಿಷಿನಲ್ಲಿ ಕಾಣುತ್ತದೆ. ಕನ್ನಡದ್ದು ಕನ್ನಡದಲ್ಲೇ ಉಳಿಯುತ್ತದೆ.

ಇಲ್ಲಿ ನಮ್ಮವರಿಗೇ ಬರುವ ಒಂದು ತೊಂದರೆ ಹೇಳಬೇಕು. ತಂಡದ ಪರಿಚಯ ಬಹುತೇಕ ಆಮಂತ್ರಣ ಪತ್ರಿಕೆಗೆಂದು ನುಡಿಯ ಹಳೆಯ ಫಾಂಟಿನಲ್ಲಿ ಟೈಪಾಗಿರುತ್ತದೆ. ಪ್ರೆಸ್ಸಿನವರಿಂದ ಆ ಫೈಲು ತರಿಸಿ ನಕಲು ಮಾಡಿ ಅಂಟಿಸಿದರೆ ‘ಯಕ್ಷಗಾನ’ ಎಂಬುದು ಯೂಟ್ಯೂಬಿನಲ್ಲಿ ಹೀಗೆ ಕಾಣುತ್ತದೆ:

```
AiÀÄPÀëUÁ£À
```

ಹಳೆಯ ಫಾಂಟಿನಲ್ಲಿ ಕನ್ನಡ ಬರೀ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ. ಫಾಂಟ್ ಕಳಚಿದ ಕೂಡಲೇ ಅವು ಹೊರಬೀಳುತ್ತವೆ. ಹುಡುಕುವವರಿಗೂ ಸಿಗುವುದಿಲ್ಲ, ಓದುವವರಿಗೂ ಇಲ್ಲ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಇಲ್ಲವೇ ಫೋನಿನ ಕನ್ನಡ ಕೀಬೋರ್ಡಿನಲ್ಲಿ ಹೊಸದಾಗಿ ಟೈಪು ಮಾಡಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ರ ಒತ್ತುಗಳಿರುವ ಪದಗಳನ್ನು ಒಮ್ಮೆ ಕಣ್ಣಾರೆ ಓದಿ. ತಪ್ಪುವುದಾದರೆ ಅಲ್ಲೇ ತಪ್ಪುತ್ತದೆ.

ಕೊಂಡಿಗಳ ವಿಷಯ. ಚಾನೆಲ್ ಪುಟದಲ್ಲಿ ಹದಿನಾಲ್ಕು ಕೊಂಡಿಗಳವರೆಗೆ ಹಾಕಬಹುದು, ಆದರೆ ಎದ್ದು ಕಾಣುವುದು ಮೊದಲನೆಯದೊಂದೇ. ನಿಮಗೆ ಯಾವುದು ಮುಖ್ಯವೋ ಅದು ಮೊದಲಿರಲಿ, ಫೇಸ್‌ಬುಕ್ ಪುಟವೋ ಆಟಗಳ ದಿನಪಟ್ಟಿಯೋ. ವಾಟ್ಸಾಪ್ ಕೊಂಡಿ ಕೊಟ್ಟರೆ ಒಬ್ಬರ ಖಾಸಗಿ ನಂಬರು ಜಗತ್ತಿಗೆಲ್ಲ ಕೊಟ್ಟಂತೆ. ಸಂಪರ್ಕಕ್ಕೆಂದೇ ಇಮೇಲ್ ಹಾಕುವ ಜಾಗವಿದೆ, ತಂಡದ ಇಮೇಲನ್ನು ಅಲ್ಲಿ ಹಾಕಿ. ವಿಡಿಯೊಗಳ ಕೆಳಗಿನ ವಿವರಣೆಯಲ್ಲಿ ಕೊಡುವ ಹೊರಗಿನ ಕೊಂಡಿಗಳಿಗೆ ಬೇರೆ ನಿಯಮ. ಹೊಸ ಚಾನೆಲ್ಲಿನಲ್ಲಿ ಅವು ಒತ್ತಿದರೆ ತೆರೆಯುವುದಿಲ್ಲ, ಬರೀ ಅಕ್ಷರಗಳಾಗಿ ಕಾಣುತ್ತವೆ. Settings ಒಳಗಿನ Channel ಭಾಗದಲ್ಲಿ Feature eligibility ಎಂಬಲ್ಲಿ ಗುರುತಿನ ಚೀಟಿ ಅಥವಾ ಮುಖದ ವಿಡಿಯೊ ಕೊಟ್ಟು, ಇಲ್ಲವೇ ಚಾನೆಲ್ಲಿನ ನಡವಳಿಕೆಯ ಇತಿಹಾಸ ಬೆಳೆದ ಮೇಲೆ, ಮೇಲಿನ ಹಂತಕ್ಕೆ ಏರಿದಾಗಲೇ ಅವು ಜೀವ ಪಡೆಯುವುದು. ಕೊಂಡಿ ಕೆಲಸ ಮಾಡುತ್ತಿಲ್ಲವೆಂದು ಹತ್ತು ಸಲ ಅಳಿಸಿ ಬರೆಯುವ ಮೊದಲು ಇದನ್ನು ನೋಡಿ.

ಕೀವರ್ಡುಗಳ ಬಗ್ಗೆ ನಮ್ಮಲ್ಲಿ ದೊಡ್ಡ ನಂಬಿಕೆಗಳಿವೆ. ಸರಿಯಾದ ಪದ ಹಾಕಿದರೆ ಲಕ್ಷ ಜನ ನೋಡುತ್ತಾರೆಂದು ಹೇಳಿ ದುಡ್ಡು ಕೇಳುವವರೂ ಸಿಗುತ್ತಾರೆ. ಟ್ಯಾಗುಗಳ ಬಗ್ಗೆ ಯೂಟ್ಯೂಬ್ ತಾನೇ ಹೇಳುವುದೇನೆಂದರೆ, ವಿಡಿಯೊ ಜನರಿಗೆ ಸಿಗುವುದರಲ್ಲಿ ಅವುಗಳ ಪಾಲು ತೀರಾ ಕಡಿಮೆ, ಜನ ತಪ್ಪಾಗಿ ಬರೆಯುವ ಪದಗಳಿದ್ದರೆ ಉಪಯೋಗ. ನಮಗೆ ಆ ಉಪಯೋಗ ಇದೆ. ನಮ್ಮ ಜನ ಹುಡುಕುವುದು ಬಹುಪಾಲು ಇಂಗ್ಲಿಷ್ ಲಿಪಿಯಲ್ಲಿ, ಒಬ್ಬೊಬ್ಬರದು ಒಂದೊಂದು ಕಾಗುಣಿತ. ಹಾಗಾಗಿ Channel ಭಾಗದ Basic info ಒಳಗೆ ದೇಶ ಭಾರತ ಎಂದು ಆರಿಸಿ, ಕೀವರ್ಡಿನ ಜಾಗದಲ್ಲಿ ಇಷ್ಟು ತುಂಬಿದರೆ ಸಾಕು:

```
ಯಕ್ಷ ಬಳಗ ಕೆಳಬೈಲು, yaksha balaga kelabailu, yakshabalaga kelabail, ಯಕ್ಷಗಾನ, yakshagana, yakshagaana, ಬಡಗುತಿಟ್ಟು, badagutittu, badaguthittu, ತಾಳಮದ್ದಳೆ, talamaddale, tala maddale
```

ಹೆಸರಾಂತ ಮೇಳಗಳನ್ನೂ ದೊಡ್ಡ ಭಾಗವತರನ್ನೂ ಇಲ್ಲಿ ಸೇರಿಸುವ ಆಸೆ ಬರುತ್ತದೆ. ಬೇಡ. ವಿಡಿಯೊದಲ್ಲಿ ಇಲ್ಲದವರ ಹೆಸರಿಟ್ಟು ಜನರನ್ನು ಕರೆಯುವುದು ದಾರಿತಪ್ಪಿಸುವ ಮಾಹಿತಿ ಎಂದು ಯೂಟ್ಯೂಬಿನ ನಿಯಮಕ್ಕೆ ಸಿಕ್ಕಿಬೀಳುತ್ತದೆ. ನಿಯಮ ಇರಲಿ, ನಾಳೆ ಅದೇ ಭಾಗವತರನ್ನು ನಿಮ್ಮ ಆಟಕ್ಕೆ ಕರೆಯಬೇಕಾದವರು ನೀವೇ.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ, Settings ಒಳಗಿನ Upload defaults. ನೀವು ಮುಂದೆ ಹಾಕುವ ಪ್ರತಿ ವಿಡಿಯೊಕ್ಕೂ ತಾನಾಗಿ ತುಂಬಿಕೊಳ್ಳುವ ಮಾಹಿತಿಯನ್ನು ಇಲ್ಲಿ ಬರೆದಿಡಬಹುದು. ಇದು ಮುಂದಿನ ವಿಡಿಯೊಗಳಿಗೆ ಮಾತ್ರ ಅನ್ವಯ; ಆಗಲೇ ಹಾಕಿದ್ದನ್ನು ಮುಟ್ಟುವುದಿಲ್ಲ. ಆದ್ದರಿಂದಲೇ ಮೊದಲ ವಿಡಿಯೊಗಿಂತ ಮೊದಲು ಇದಾಗಬೇಕು.

ಹವ್ಯಾಸಿ ಚಾನೆಲ್‌ಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಚಿತ್ರದ ಗುಣಮಟ್ಟದ್ದಲ್ಲ, ಹೆಸರುಗಳದ್ದು. ಮೂರು ಗಂಟೆಯ ‘ಪಂಚವಟಿ’ ಇರುತ್ತದೆ, ಶೂರ್ಪನಖಿಯ ಪಾತ್ರ ಮಾಡಿದವರು ಯಾರು, ಮದ್ದಳೆಗೆ ಕೂತವರು ಯಾರು ಎಂದು ಎಲ್ಲೂ ಇಲ್ಲ. ಹಾಕಿದ ವಾರದಲ್ಲಿ ಊರಿನವರಿಗೆಲ್ಲ ಗೊತ್ತಿರುತ್ತದೆ, ಐದು ವರ್ಷ ಕಳೆದರೆ ತಂಡದವರೇ ತಲೆ ಕೆರೆದುಕೊಳ್ಳುತ್ತಾರೆ. ಸಾಮಾನ್ಯ ಸಾಲುಗಳನ್ನು ಹಲವು ವಿಡಿಯೊಗಳಿಗೆ ಒಟ್ಟಿಗೆ ಸೇರಿಸುವ ದಾರಿ ಸ್ಟುಡಿಯೊದಲ್ಲಿದೆ, ಆದರೆ ಪಾತ್ರವರ್ಗ ಪ್ರತಿ ಆಟಕ್ಕೂ ಬೇರೆ. ಅದನ್ನು ಆಮೇಲೆ ಒಟ್ಟಿಗೆ ತುಂಬಲು ಬರುವುದಿಲ್ಲ. ಹಾಕುವ ಹೊತ್ತಿಗೇ ಖಾಲಿ ಜಾಗ ಕಣ್ಣೆದುರು ಕಾಣುವಂತಿದ್ದರೆ ಹುಡುಗ ಯಾರನ್ನಾದರೂ ಕೇಳಿ ತುಂಬುತ್ತಾನೆ. ಡಿಫಾಲ್ಟ್ ವಿವರಣೆಗೆ ಈ ಚೌಕಟ್ಟನ್ನು ಕೊಡಿ:

```
ಪ್ರಸಂಗ:
ಪ್ರಸಂಗಕರ್ತರು:
ಸ್ಥಳ, ದಿನಾಂಕ:

ಹಿಮ್ಮೇಳ
ಭಾಗವತರು:
ಮದ್ದಳೆ:
ಚೆಂಡೆ:

ಮುಮ್ಮೇಳ (ಪ್ರವೇಶದ ಕ್ರಮದಲ್ಲಿ)
ಪಾತ್ರ - ಕಲಾವಿದರು:

00:00 ಆರಂಭ

ಯಕ್ಷ ಬಳಗ ಕೆಳಬೈಲು | Yaksha Balaga Kelabailu
```

ಇದನ್ನು ತುಂಬಿ ತೋರಿಸುತ್ತೇನೆ. ಪ್ರಸಂಗ ‘ಪಂಚವಟಿ’, ಪ್ರಸಂಗಕರ್ತರು ಪಾರ್ತಿಸುಬ್ಬ, ಆಮೇಲೆ ನಿಮ್ಮ ಹಿಮ್ಮೇಳದವರ ಹೆಸರುಗಳು, ರಾಮ, ಲಕ್ಷ್ಮಣ, ಸೀತೆ, ಘೋರ ಶೂರ್ಪನಖಿ, ಮಾಯಾ ಶೂರ್ಪನಖಿ ಹೀಗೆ ಪಾತ್ರಗಳ ಸಾಲು. ‘00:00 ಆರಂಭ’ ಎಂಬುದರ ಕೆಳಗೆ ಶೂರ್ಪನಖಿಯ ಪ್ರವೇಶ ಎಷ್ಟನೇ ನಿಮಿಷಕ್ಕೆ, ಖರನ ಕಾಳಗ ಎಷ್ಟಕ್ಕೆ ಎಂದು ಬರೆಯುತ್ತ ಹೋದರೆ ವಿಡಿಯೊದ ಪಟ್ಟಿ ಅಷ್ಟು ತುಂಡುಗಳಾಗಿ ಒಡೆದು ಕಾಣುತ್ತದೆ. ಇದಕ್ಕೆ ನಿಯಮ ಮೂರು: ಮೊದಲ ಸಮಯ 00:00 ಇರಲೇಬೇಕು, ಕನಿಷ್ಠ ಮೂರು ಸಮಯಗಳು ಏರುಕ್ರಮದಲ್ಲಿರಬೇಕು, ಪ್ರತಿ ತುಂಡು ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಮೂರು ಗಂಟೆಯ ಆಟದಲ್ಲಿ ತನ್ನ ಮಗನ ಲಕ್ಷ್ಮಣನನ್ನೇ ನೋಡಬೇಕೆನ್ನುವ ಅಮ್ಮನಿಗೆ ಬೇರೆ ದಾರಿ ಇಲ್ಲ.

ಉಳಿದ ಡಿಫಾಲ್ಟುಗಳನ್ನು ಬೇಗ ಹೇಳುತ್ತೇನೆ. ಶೀರ್ಷಿಕೆಯ ಜಾಗ ಖಾಲಿ ಬಿಡಿ; ಅಲ್ಲಿ ಏನಾದರೂ ಬರೆದರೆ ಎಲ್ಲ ವಿಡಿಯೊಗಳೂ ಒಂದೇ ಹೆಸರಲ್ಲಿ ಹೊರಡುತ್ತವೆ. ಟ್ಯಾಗುಗಳಲ್ಲಿ ತಂಡದ ಹೆಸರಿನ ರೂಪಗಳಷ್ಟೇ ಇರಲಿ, ಪ್ರಸಂಗದ ಹೆಸರು ಆಯಾ ವಿಡಿಯೊಕ್ಕೆ. ವಿಭಾಗ ತಾನಾಗಿ People & Blogs ಎಂದಿರುತ್ತದೆ, Entertainment ಮಾಡಿ; ರಂಗಭೂಮಿಗೆ ಪ್ರತ್ಯೇಕ ವಿಭಾಗ ಇಲ್ಲ. ವಿಡಿಯೊದ ಭಾಷೆ, ಶೀರ್ಷಿಕೆಯ ಭಾಷೆ ಎರಡನ್ನೂ ಕನ್ನಡ ಎಂದು ಆರಿಸಿ. ಮೂಲ ಭಾಷೆ ಯಾವುದೆಂದು ಹೇಳದ ಹೊರತು ಶೀರ್ಷಿಕೆಗೆ ಇಂಗ್ಲಿಷ್ ಅನುವಾದ ಸೇರಿಸಲು ಯೂಟ್ಯೂಬ್ ಬಿಡುವುದಿಲ್ಲ. ಪರವಾನಗಿ Standard ಎಂದೇ ಇರಲಿ. Creative Commons ಆರಿಸಿದರೆ ಯಾರು ಬೇಕಾದರೂ ಕತ್ತರಿಸಿ ಬಳಸಲು ಅನುಮತಿ ಕೊಟ್ಟಂತೆ, ಅತಿಥಿ ಕಲಾವಿದರ ಪರವಾಗಿ ಹಾಗೆ ಕೊಡಲು ನಮಗೆ ಅಧಿಕಾರವಿಲ್ಲ.

ಎಲ್ಲಕ್ಕಿಂತ ಮುಖ್ಯ, Visibility ಎಂಬುದು Private ಇರಲಿ. ಆಗ ಹುಡುಗ ಅರ್ಧ ರಾತ್ರಿಯಲ್ಲಿ ಏರಿಸಿದ ಫೈಲು ಖಾಲಿ ಚೌಕಟ್ಟಿನೊಂದಿಗೆ ಊರಿಗೆಲ್ಲ ಕಾಣುವುದಿಲ್ಲ. ಬೆಳಿಗ್ಗೆ ಕಾರ್ಯದರ್ಶಿ ಹೆಸರುಗಳನ್ನು ನೋಡಿ ಸಾರ್ವಜನಿಕ ಮಾಡುತ್ತಾರೆ.

ಈ ಡಿಫಾಲ್ಟುಗಳಲ್ಲಿ ಒಂದು ದೊಡ್ಡ ತೂತು ಇದೆ. ಕಂಪ್ಯೂಟರಿನ ಬ್ರೌಸರಿನಿಂದ ಏರಿಸಿದರೆ ಮಾತ್ರ ಇವು ಅನ್ವಯವಾಗುತ್ತವೆ, ಫೋನಿನ ಆ್ಯಪಿನಿಂದ ಏರಿಸಿದರೆ ಇಲ್ಲ. ಡಿಫಾಲ್ಟ್ ಎಲ್ಲ ಸರಿಯಾಗಿಟ್ಟಿದ್ದೇವೆ, ಆದರೂ ಕೆಲವು ವಿಡಿಯೊ ಬೋಳಾಗಿ ಬರುತ್ತಿವೆ ಎಂದು ನನಗೆ ಹೇಳುವ ತಂಡಗಳಲ್ಲಿ ಕಾರಣ ಹುಡುಕಿದರೆ ಸಿಗುವುದು ಇದೇ. ಪೂರ್ಣ ಆಟಗಳು ಲ್ಯಾಪ್‌ಟಾಪಿನಿಂದ ಹೋಗಿರುತ್ತವೆ, ಚೌಕಿಯಿಂದ ಫೋನಿನಲ್ಲಿ ಏರಿಸಿದ ತುಣುಕುಗಳು ಮಾತ್ರ ಹೆಸರಿಲ್ಲದೆ ಕೂತಿರುತ್ತವೆ. ಫೋನಿನಿಂದ ಹಾಕಲೇಬೇಕಾದರೆ ಮೇಲಿನ ಚೌಕಟ್ಟನ್ನು ಫೋನಿನ ನೋಟ್ಸಿನಲ್ಲೂ ಇಟ್ಟುಕೊಂಡು ಅಂಟಿಸಿ, Private ಮಾಡಿಯೇ ಏರಿಸಿ.

ಕೊನೆಯದಾಗಿ ಮಕ್ಕಳ ಪ್ರಶ್ನೆ. ಚಾನೆಲ್ ಮಕ್ಕಳಿಗಾಗಿಯೇ ಎಂದು ಯೂಟ್ಯೂಬ್ ಕೇಳುತ್ತದೆ. ಅಮೆರಿಕದಲ್ಲಿ ಮಕ್ಕಳ ಮಾಹಿತಿ ಸಂಗ್ರಹಿಸಿದ್ದಕ್ಕಾಗಿ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ 17 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಳ್ಳಬೇಕಾಯಿತು. ಅಲ್ಲಿಂದ ಈ ಪ್ರಶ್ನೆ ಎಲ್ಲ ದೇಶದವರಿಗೂ ಬಂತು. ಮಕ್ಕಳ ಯಕ್ಷಗಾನ ಕಲಿಸುವ ಬಳಗಗಳು ಇಲ್ಲಿ ಹೌದು ಎಂದು ಒತ್ತಿಬಿಡುತ್ತವೆ, ವೇಷ ಕಟ್ಟಿದವರು ಮಕ್ಕಳಲ್ಲವೇ ಎಂಬ ಲೆಕ್ಕದಲ್ಲಿ. ಯೂಟ್ಯೂಬ್ ಕೇಳುತ್ತಿರುವುದು ಆಡುವವರು ಯಾರು ಎಂದಲ್ಲ, ಯಾರಿಗಾಗಿ ಎಂದು. ಮಕ್ಕಳ ‘ಅಭಿಮನ್ಯು ಕಾಳಗ’ವನ್ನು ನೋಡುವವರು ಅಪ್ಪ ಅಮ್ಮ, ಅಜ್ಜ ಅಜ್ಜಿ, ಊರಿನವರು. ಹೌದು ಎಂದರೆ ಕಮೆಂಟು ಮುಚ್ಚುತ್ತದೆ, ಹೊಸ ವಿಡಿಯೊ ಬಂದಾಗ ಗಂಟೆ ಒತ್ತಿದವರಿಗೆ ಸೂಚನೆ ಹೋಗುವುದಿಲ್ಲ, ನೋಡುಗರು ತಮ್ಮ ಪ್ಲೇಲಿಸ್ಟಿಗೆ ಸೇರಿಸಿಕೊಳ್ಳಲಾಗುವುದಿಲ್ಲ. ಯಾರೂ ಕಮೆಂಟು ಹಾಕುತ್ತಿಲ್ಲವಲ್ಲ ಎಂದು ಬೇಸರಿಸುವ ತಂಡಗಳು ಮೊದಲು ಇದನ್ನು ನೋಡಬೇಕು. ದೊಡ್ಡವರ ತಂಡವಾದರೆ Advanced settings ಒಳಗೆ ಚಾನೆಲ್ ಮಕ್ಕಳಿಗಾಗಿ ಅಲ್ಲ ಎಂದು ಆರಿಸಿ. ಪುಟಾಣಿಗಳಿಗೆಂದೇ ಹೆಜ್ಜೆ ಕಲಿಸುವ ಪಾಠಗಳನ್ನೂ ಹಾಕುವವರು ಪ್ರತಿ ವಿಡಿಯೊಕ್ಕೂ ಕೇಳಲಿ ಎಂದು ಬಿಡಿ.

ಇಷ್ಟೂ ಆದ ಮೇಲೆ ಪರೀಕ್ಷೆಗೆಂದು ಅರ್ಧ ನಿಮಿಷದ ಒಂದು ತುಣುಕನ್ನು ಲ್ಯಾಪ್‌ಟಾಪಿನಿಂದ ಏರಿಸಿ. ಚೌಕಟ್ಟು ತಾನಾಗಿ ಬಂತೇ, Private ಎಂದಿದೆಯೇ, ಭಾಷೆ ಕನ್ನಡವೇ ನೋಡಿ. ಹದಿನೈದು ನಿಮಿಷ ದಾಟಿದ ಇನ್ನೊಂದನ್ನೂ ಏರಿಸಿ ನೋಡಿದರೆ ಫೋನ್ ದೃಢೀಕರಣ ಸರಿಯಾಗಿದೆಯೇ ಎಂಬುದೂ ತಿಳಿಯುತ್ತದೆ. ಆಮೇಲೆ ಚಾನೆಲ್ ಪುಟವನ್ನು ತಂಡಕ್ಕೆ ಸಂಬಂಧವಿಲ್ಲದ ಯಾರದ್ದಾದರೂ ಫೋನಿನಲ್ಲಿ, ಸಾಧ್ಯವಾದರೆ ಒಂದು ಟಿವಿಯಲ್ಲಿ ತೆರೆಯಿರಿ. ನಿಮ್ಮ ಖಾತೆಯಿಂದಲೇ ನೋಡಿದರೆ ಹೊರಗಿನವರಿಗೆ ಕಾಣುವುದೇನೆಂದು ಗೊತ್ತಾಗುವುದಿಲ್ಲ. ಎರಡೂ ತುಣುಕುಗಳನ್ನು ಅಳಿಸಿ. ವಾರ್ಷಿಕೋತ್ಸವದ ಆ ಆಟವನ್ನು ಏರಿಸುವ ಮೊದಲು ಪಾತ್ರವರ್ಗದ ಪಟ್ಟಿಯನ್ನು ಭಾಗವತರಿಗೆ ಒಮ್ಮೆ ಓದಿ ಹೇಳಿ. ಬಿಟ್ಟುಹೋದ ಹೆಸರು ಯಾವುದೆಂದು ಅವರು ಅಲ್ಲೇ ಹೇಳುತ್ತಾರೆ.

ಇಂತಿ,
ನಿಮ್ಮ ಆಟಗಳ ಪ್ರೇಕ್ಷಕ, ಚಾನೆಲ್ ಕೆಲಸದಲ್ಲಿ ನಿಮ್ಮ ಜೊತೆಗಾರ